ಗ್ರೀನ್‌ಲ್ಯಾಂಡ್ ಅಷ್ಟು ದೊಡ್ಡದೇ? ಜಗತ್ತಿನ ನಕ್ಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಬಹಳ ವರ್ಷ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ಈಗ ರವಿವಾರಗಳಂದು ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ನಕ್ಷೆ ಎಳೆಯುವುದನ್ನು ಹೇಳಿಕೊಡುತ್ತೇನೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದಲೂ ಕೆಲವರು ಬರುತ್ತಾರೆ. ಮಕ್ಕಳಿಗಿಂತ ಅವರನ್ನು ಕರೆತಂದ ಹಿರಿಯರೇ ಹೆಚ್ಚು ಪ್ರಶ್ನೆ ಕೇಳುತ್ತಾರೆ. ಉತ್ತರಗಳನ್ನು ಮತ್ತೆ ಮತ್ತೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಶಾಲೆಯ ಗೋಡೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವೇ?

ಅಲ್ಲ. ಆಫ್ರಿಕಾ ಸುಮಾರು 3 ಕೋಟಿ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡ್ ಸುಮಾರು 21 ಲಕ್ಷ. ಅಂದರೆ ಆಫ್ರಿಕಾದೊಳಗೆ ಹದಿನಾಲ್ಕು ಗ್ರೀನ್‌ಲ್ಯಾಂಡ್ ಹಿಡಿಸುತ್ತವೆ. ನಮ್ಮ ಭಾರತವೇ ಗ್ರೀನ್‌ಲ್ಯಾಂಡಿನ ಒಂದೂವರೆ ಪಟ್ಟು ಇದೆ. ನಾನು ಕಲಿತ ಶಾಲೆಯಲ್ಲೂ ಇಂಥದೇ ನಕ್ಷೆ ತೂಗುಹಾಕಿದ್ದರು. ಅದರ ಕೆಳಗಿನ ಮೂಲೆಯಲ್ಲಿ ಒಂದೇ ಒಂದು ಅಳತೆಪಟ್ಟಿ ಇತ್ತು. ಅದನ್ನು ನಂಬಿ ನಾನು ದಾರ ಹಿಡಿದು ನಾರ್ವೆಯ ಉದ್ದ ಅಳೆದೆ, ಭಾರತದ ಉದ್ದವನ್ನೂ ಅಳೆದೆ, ಎರಡನ್ನೂ ಹೋಲಿಸಿ ಬರೆದೆ. ಗುರುಗಳು ತಪ್ಪು ಗುರುತು ಹಾಕಿದರು. ತಪ್ಪು ದಾರದ್ದಾಗಿರಲಿಲ್ಲ. ಆ ಬಗೆಯ ನಕ್ಷೆಗೆ ಒಂದೇ ಅಳತೆಪಟ್ಟಿ ಹಾಕಿದ್ದೇ ತಪ್ಪು ಎಂದು ಗೊತ್ತಾಗಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು.

ಉಂಡೆಯಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಆಕಾರ ಕೆಡಲೇಬೇಕೇ? ಯಾವುದಾದರೂ ಉಪಾಯವಿಲ್ಲವೇ?

ಇಲ್ಲ, ಮುಂದೆಯೂ ಸಿಗುವುದಿಲ್ಲ. ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ದುಂಡನೆಯ ಬೋಗುಣಿಯನ್ನು ಬೋರಲು ಹಾಕಿ. ಅದರ ಮೇಲೆ ಜೋಳದ ಖಡಕ್ ರೊಟ್ಟಿಯನ್ನು ಇಟ್ಟು ಒತ್ತಿದರೆ ಮುರಿಯುತ್ತದೆ. ಬಿಸಿ ರೊಟ್ಟಿಯನ್ನು ಇಟ್ಟರೆ ಮುರಿಯುವುದಿಲ್ಲ, ಆದರೆ ಅಂಚಿನಲ್ಲಿ ನೆರಿಗೆ ಬೀಳುತ್ತದೆ. ನೆರಿಗೆಯೂ ಬೇಡ, ಬಿರುಕೂ ಬೇಡ ಎಂದರೆ ರೊಟ್ಟಿ ಕೆಲವು ಕಡೆ ಹಿಗ್ಗಬೇಕು, ಕೆಲವು ಕಡೆ ಕುಗ್ಗಬೇಕು. ನಾಲ್ಕನೆಯ ದಾರಿಯಿಲ್ಲ.

1827ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಇದನ್ನು ಸಾಧಿಸಿ ತೋರಿಸಿದ. ಒಂದು ಮೇಲ್ಮೈಯ ಮೇಲಿನ ಯಾವ ದೂರವೂ ಬದಲಾಗದಂತೆ ಅದನ್ನು ಮಡಿಸಿದರೂ ಬಾಗಿಸಿದರೂ ಅದರ ಒಂದು ಗುಣ ಬದಲಾಗುವುದಿಲ್ಲ. ಆ ಗುಣಕ್ಕೆ ವಕ್ರತೆ ಎಂದು ಹೆಸರು. ಕಾಗದದ ವಕ್ರತೆ ಸೊನ್ನೆ, ಗೋಲದ್ದು ಸೊನ್ನೆಯಲ್ಲ. ಹಾಗಾಗಿ ಎಲ್ಲ ದೂರಗಳನ್ನೂ ಉಳಿಸಿಕೊಂಡು ಗೋಲವನ್ನು ಕಾಗದವಾಗಿಸಲು ಬರುವುದಿಲ್ಲ. ಗೌಸ್ ಇದನ್ನು ಕೋಣೆಯೊಳಗೆ ಕುಳಿತು ಕೇವಲ ಲೆಕ್ಕಕ್ಕಾಗಿ ಯೋಚಿಸಿದವನಲ್ಲ. ಹ್ಯಾನೋವರ್ ರಾಜ್ಯದ ಭೂಮಾಪನ ಮಾಡಿಸಿದವನೂ ಅವನೇ. ಅವನ ಹೆಸರು ಈ ಪುಟದ ಕೊನೆಯಲ್ಲಿ ಮತ್ತೆ ಬರುತ್ತದೆ.

ಗೋಲವನ್ನು ಕಾಗದಕ್ಕೆ ಇಳಿಸುವ ಪ್ರತಿಯೊಂದು ಕ್ರಮಕ್ಕೂ ಪ್ರಕ್ಷೇಪ ಎನ್ನುತ್ತಾರೆ. ಯಾವುದನ್ನು ಕೆಡಿಸಿ ಯಾವುದನ್ನು ಉಳಿಸಿಕೊಳ್ಳುವುದು ಎಂಬುದರಲ್ಲಷ್ಟೇ ಅವುಗಳ ವ್ಯತ್ಯಾಸ.

ಹಾಗಾದರೆ ಆ ಗೋಡೆಯ ನಕ್ಷೆ ಏನನ್ನು ಉಳಿಸಿಕೊಂಡಿದೆ?

ದಿಕ್ಕನ್ನು. ಅದನ್ನು ರೂಪಿಸಿದವನು ಗೆರಾರ್ಡಸ್ ಮರ್ಕೇಟರ್. 1512ರಲ್ಲಿ ಇಂದಿನ ಬೆಲ್ಜಿಯಂನಲ್ಲಿ ಹುಟ್ಟಿದ, ಗ್ಲೋಬು ಮತ್ತು ಉಪಕರಣಗಳನ್ನು ಮಾಡಿ ಬದುಕಿದ. 1544ರಲ್ಲಿ ಮತದ್ರೋಹದ ಆಪಾದನೆಯ ಮೇಲೆ ಏಳು ತಿಂಗಳು ಸೆರೆಯಲ್ಲಿದ್ದ. ಆಮೇಲೆ ಜರ್ಮನಿಯ ಡ್ಯೂಯಿಸ್‌ಬರ್ಗ್‌ಗೆ ಹೋಗಿ ನೆಲೆಸಿ, 1569ರಲ್ಲಿ ಹದಿನೆಂಟು ಹಾಳೆಗಳನ್ನು ಜೋಡಿಸಿದರೆ ಎರಡು ಮೀಟರ್ ಅಗಲವಾಗುವ ಜಗತ್ತಿನ ನಕ್ಷೆಯನ್ನು ಅಚ್ಚು ಹಾಕಿಸಿದ. ಸಮುದ್ರಯಾನಿಗಳ ಉಪಯೋಗಕ್ಕೆ ಸರಿಹೊಂದಿಸಿದ ನಕ್ಷೆ ಎಂದು ಅದರ ಶೀರ್ಷಿಕೆಯಲ್ಲೇ ಹೇಳಿದ್ದಾನೆ. ಶಾಲೆಯ ಗೋಡೆಗೆ ಎಂದು ಹೇಳಿರಲಿಲ್ಲ.

ಅಂದಿನ ನಾವಿಕನ ಕಷ್ಟ ಇದು. ಅವನ ಕೈಯಲ್ಲಿ ಇರುವುದು ದಿಕ್ಸೂಚಿ. ಈಶಾನ್ಯಕ್ಕೆ ಮುಖ ಮಾಡಿ ಹಾಗೆಯೇ ಸಾಗುತ್ತಾನೆ. ಅಕ್ಷಾಂಶ ರೇಖಾಂಶಗಳನ್ನು ಒಂದೇ ಅಂತರದ ಚೌಕಗಳಾಗಿ ಎಳೆದ ಹಳೆಯ ಪಟದಲ್ಲಿ ಅದೇ ದಾರಿಯನ್ನು ಗುರುತಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಏಕೆಂದರೆ ಗೋಲದ ಮೇಲೆ ರೇಖಾಂಶಗಳು ಧ್ರುವದತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. 60 ಡಿಗ್ರಿ ಅಕ್ಷಾಂಶದಲ್ಲಿ ಎರಡು ರೇಖಾಂಶಗಳ ನಡುವಿನ ದೂರ ಸಮಭಾಜಕದಲ್ಲಿರುವುದರ ಸರಿಯಾಗಿ ಅರ್ಧ. ಚೌಕದ ಪಟದಲ್ಲಿ ಮಾತ್ರ ಅಲ್ಲೂ ಅಷ್ಟೇ ಅಂತರ ಬಿಡಿಸಿರುತ್ತಾರೆ. ಅಂದರೆ ಪೂರ್ವ-ಪಶ್ಚಿಮ ಎರಡು ಪಟ್ಟು ಹಿಗ್ಗಿದೆ, ಉತ್ತರ-ದಕ್ಷಿಣ ಹಿಗ್ಗಿಲ್ಲ. ಹಡಗು ಒಂದು ಮೈಲಿ ಉತ್ತರಕ್ಕೂ ಒಂದು ಮೈಲಿ ಪೂರ್ವಕ್ಕೂ ಸಾಗಿದ್ದರೆ, ಪಟದಲ್ಲಿ ಅದು ಒಂದು ಪಾಲು ಉತ್ತರ, ಎರಡು ಪಾಲು ಪೂರ್ವ. 45 ಡಿಗ್ರಿ ಇರಬೇಕಾದ ಕೋನ 63 ಡಿಗ್ರಿ ಆಗುತ್ತದೆ. ಹದಿನೆಂಟು ಡಿಗ್ರಿ ತಪ್ಪಿದ ಹಡಗು ಬಂಡೆಗೇ ಹೋಗಿ ಬಡಿಯಬಹುದು.

ಮರ್ಕೇಟರ್ ಕಂಡುಕೊಂಡ ಪರಿಹಾರ ಸರಳ: ಅಡ್ಡಕ್ಕೆ ಎಷ್ಟು ಹಿಗ್ಗಿದೆಯೋ ಉದ್ದಕ್ಕೂ ಅಷ್ಟೇ ಹಿಗ್ಗಿಸು. 60 ಡಿಗ್ರಿಯಲ್ಲಿ ಅಡ್ಡ ಎರಡು ಪಟ್ಟಾದರೆ ಉದ್ದವೂ ಎರಡು ಪಟ್ಟು. ಆಗ ಕೋನ ಮತ್ತೆ 45ಕ್ಕೆ ಬರುತ್ತದೆ. ನಾವಿಕ ಪಟ್ಟಿ ಇಟ್ಟು ನೇರ ಗೆರೆ ಎಳೆದು, ಅದರ ಕೋನ ಅಳೆದು, ದಿಕ್ಸೂಚಿಯನ್ನು ಆ ಕೋನಕ್ಕೆ ಹಿಡಿದರೆ ಮುಗಿಯಿತು. ಇದಕ್ಕೆ ತೆತ್ತ ಬೆಲೆ ಗಾತ್ರ. ಎರಡು ಕಡೆಗೂ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಗ್ರೀನ್‌ಲ್ಯಾಂಡಿನ ನಡುಭಾಗ, ಅಂದರೆ 72 ಡಿಗ್ರಿಯಲ್ಲಿ, ಹತ್ತು ಪಟ್ಟನ್ನೂ ದಾಟುತ್ತದೆ. ಧ್ರುವದಲ್ಲಿ ಈ ಹಿಗ್ಗಿಗೆ ಕೊನೆಯೇ ಇಲ್ಲ. ಅದಕ್ಕೇ ಅವನ ನಕ್ಷೆಯಲ್ಲಿ ಉತ್ತರ ಧ್ರುವಕ್ಕೆ ಜಾಗವಿಲ್ಲ. ಅದನ್ನು ಮೂಲೆಯಲ್ಲೊಂದು ಪುಟ್ಟ ವೃತ್ತದಲ್ಲಿ ಬೇರೆಯಾಗಿ ಬರೆದಿದ್ದಾನೆ: ನಡುವೆ ಒಂದು ಕಪ್ಪು ಬಂಡೆ, ಸುತ್ತ ನಾಲ್ಕು ದ್ವೀಪ. ಅವನೂ ನೋಡಿರಲಿಲ್ಲ, ಬೇರೆ ಯಾರೂ ನೋಡಿರಲಿಲ್ಲ. ಅಷ್ಟು ಕರಾರುವಾಕ್ಕಾದ ಚೌಕಟ್ಟಿನ ಮೂಲೆಯಲ್ಲಿ ಅಂಥ ಕಟ್ಟುಕಥೆ ಕುಳಿತಿರುವುದು ನನಗೆ ಈ ನಕ್ಷೆಯಲ್ಲಿ ಬಹಳ ಇಷ್ಟವಾದ ಸಂಗತಿ.

ಗ್ಲೋಬಿನೊಳಗೆ ದೀಪ ಇಟ್ಟು, ಸುತ್ತ ಕಾಗದ ಸುತ್ತಿ, ಅದರ ಮೇಲೆ ಬಿದ್ದ ನೆರಳನ್ನು ಬರೆದುಕೊಂಡರೆ ಮರ್ಕೇಟರ್ ನಕ್ಷೆ ಆಗುತ್ತದೆ ಎಂದು ಓದಿದ್ದೇವೆ.

ನಾನೂ ಓದಿದ್ದೆ, ಕೆಲವು ವರ್ಷ ಮಕ್ಕಳಿಗೆ ಹಾಗೆಯೇ ಕಲಿಸಿಯೂ ಇದ್ದೆ. ಆದರೆ ಅದು ತಪ್ಪು. 10 ಸೆಂಟಿಮೀಟರ್ ತ್ರಿಜ್ಯದ ಗ್ಲೋಬ್ ತೆಗೆದುಕೊಳ್ಳಿ. ನಡುವಿನ ದೀಪದಿಂದ 60 ಡಿಗ್ರಿ ಅಕ್ಷಾಂಶದ ನೆರಳು ಸಮಭಾಜಕದಿಂದ 17.3 ಸೆಂಟಿಮೀಟರ್ ಮೇಲೆ ಬೀಳುತ್ತದೆ. ಮರ್ಕೇಟರ್ ನಕ್ಷೆಯಲ್ಲಿ ಅದೇ ಗೆರೆ ಇರಬೇಕಾದದ್ದು 13.2 ಸೆಂಟಿಮೀಟರ್‌ನಲ್ಲಿ. ದೀಪ ಉದ್ದಕ್ಕೆ ಅತಿಯಾಗಿ ಎಳೆಯುತ್ತದೆ: 60 ಡಿಗ್ರಿಯಲ್ಲಿ ಅಡ್ಡ ಎರಡು ಪಟ್ಟಾದರೆ ಉದ್ದ ನಾಲ್ಕು ಪಟ್ಟು. ಕೋನ ಮತ್ತೆ ಕೆಟ್ಟಿತು, ನಾವಿಕನಿಗೆ ಉಪಯೋಗವಿಲ್ಲ. ಮರ್ಕೇಟರ್ ನಕ್ಷೆಯನ್ನು ಯಾವ ದೀಪದಿಂದಲೂ ಬೀಳಿಸಲಾಗದು, ಲೆಕ್ಕ ಹಾಕಿಯೇ ಎಳೆಯಬೇಕು.

ಆ ಲೆಕ್ಕವನ್ನು ನಾವು ಕಾಗದದ ಮೇಲೆ ಮಾಡಬಹುದೇ?

ಮಾಡಬಹುದು. ರವಿವಾರದ ತರಗತಿಯಲ್ಲಿ ನಾವು ಮೊದಲು ಮಾಡುವುದೇ ಇದನ್ನು. ಬೇಕಾದ್ದು ಗ್ರಾಫ್ ಹಾಳೆ, ಪಟ್ಟಿ, ಕ್ಯಾಲ್ಕ್ಯುಲೇಟರ್. ರೇಖಾಂಶಗಳನ್ನು ಹತ್ತು ಡಿಗ್ರಿಗೆ 2 ಸೆಂಟಿಮೀಟರ್‌ನಂತೆ ನೇರವಾಗಿ ಎಳೆಯಿರಿ. ಅಕ್ಷಾಂಶಗಳನ್ನು ಎಲ್ಲಿ ಎಳೆಯಬೇಕು ಎಂಬುದೇ ಪ್ರಶ್ನೆ. ಒಂದು ಅಕ್ಷಾಂಶದಲ್ಲಿ ಎಷ್ಟು ಪಟ್ಟು ಹಿಗ್ಗಬೇಕು ಎಂಬುದು ಹೀಗೆ ಸಿಗುತ್ತದೆ:

```
1 ÷ cos(ಅಕ್ಷಾಂಶ)
```

ಹತ್ತು ಹತ್ತು ಡಿಗ್ರಿಯ ಪಟ್ಟೆಗಳನ್ನು ಮಾಡಿಕೊಂಡು, ಪ್ರತಿ ಪಟ್ಟೆಯ ನಡುವಿನ ಅಕ್ಷಾಂಶಕ್ಕೆ ಈ ಲೆಕ್ಕ ಹಾಕಿ. ಮೊದಲ ಪಟ್ಟೆಗೆ 5 ಡಿಗ್ರಿ: 1.004 ಬರುತ್ತದೆ, ಎರಡರಿಂದ ಗುಣಿಸಿದರೆ ಪಟ್ಟೆಯ ಎತ್ತರ 2 ಸೆಂಟಿಮೀಟರ್. ನಮ್ಮ ಧಾರವಾಡ ಇರುವ ಎರಡನೆಯ ಪಟ್ಟೆ 2.1. ಮುಂದಿನವು 2.2, 2.4, 2.8, 3.5, 4.7. ಎಪ್ಪತ್ತರಿಂದ ಎಂಬತ್ತರವರೆಗಿನದು 7.7. ಒಂದರ ಮೇಲೊಂದು ಪೇರಿಸುತ್ತ ಹೋದಂತೆ ಮಕ್ಕಳ ಕಣ್ಣೆದುರೇ ಹಾಳೆ ಮುಗಿದುಹೋಗುತ್ತದೆ. ಗ್ರೀನ್‌ಲ್ಯಾಂಡಿನ ಬಗ್ಗೆ ಮತ್ತೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಹೀಗೆ ಪೇರಿಸಿದರೆ 80 ಡಿಗ್ರಿಯ ಗೆರೆ ಇಪ್ಪತ್ತೇಳೂವರೆ ಸೆಂಟಿಮೀಟರ್ ಸುಮಾರಿಗೆ ಬರುತ್ತದೆ, ಸರಿಯಾದ ಉತ್ತರ 27.9. ಪಟ್ಟೆ ದಪ್ಪವಾದಷ್ಟೂ ತಪ್ಪು ಹೆಚ್ಚು. ಪಟ್ಟೆಗಳನ್ನು ಐದು ಡಿಗ್ರಿಗೆ ಇಳಿಸಿ ನೋಡಿ, ತಪ್ಪು ಕಡಿಮೆಯಾಗುತ್ತದೆ. ಇಂಗ್ಲೆಂಡಿನ ಎಡ್ವರ್ಡ್ ರೈಟ್ 1599ರಲ್ಲಿ ಪ್ರಕಟಿಸಿದ ಕೋಷ್ಟಕದ ಹಿಂದೆ ಇರುವುದೂ ಇದೇ ಕ್ರಮ. ಅವನು ಪಟ್ಟೆಯನ್ನು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಇಳಿಸಿ, ಸಾವಿರಾರು ಸಲ ಕೈಯಲ್ಲೇ ಕೂಡಿದ. ಮರ್ಕೇಟರ್ ತನ್ನ ಗೆರೆಗಳನ್ನು ಹೇಗೆ ಇಟ್ಟೆ ಎಂದು ಲೆಕ್ಕ ಬಿಡಿಸಿ ಹೇಳಿರಲಿಲ್ಲ, ರೈಟ್ ಹೇಳಿದ. ಆ ಬಳಿಕವೇ ಬೇರೆಯವರೂ ನಂಬಿಕೆಯಿಂದ ಈ ಪಟವನ್ನು ಎಳೆಯುವಂತಾಯಿತು. 1645ರ ಸುಮಾರಿಗೆ ಹೆನ್ರಿ ಬಾಂಡ್ ಎಂಬ ಶಿಕ್ಷಕ ರೈಟನ ಕೋಷ್ಟಕವನ್ನು ಲಾಗರಿದಮ್ ಕೋಷ್ಟಕವೊಂದರ ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಹೊಂದುತ್ತಿದ್ದವು. ಏಕೆ ಎಂದು ಅವನಿಗೆ ತಿಳಿಯಲಿಲ್ಲ. ಅದಕ್ಕೆ ಗಣಿತದ ಪುರಾವೆ ಸಿಕ್ಕಿದ್ದು 1668ರಲ್ಲಿ, ಜೇಮ್ಸ್ ಗ್ರೆಗರಿಯಿಂದ.

ಈ ನಕ್ಷೆಯಲ್ಲಿ ನಮ್ಮ ಕರ್ನಾಟಕಕ್ಕೆ ಎಷ್ಟು ಅನ್ಯಾಯವಾಗಿದೆ?

ಅನ್ಯಾಯ ಎಂದರೆ, ನಾವು ಹಿಗ್ಗಿಲ್ಲ, ಉಳಿದವರು ಹಿಗ್ಗಿದ್ದಾರೆ. ಐಸ್‌ಲ್ಯಾಂಡ್ ಜೊತೆ ಹೋಲಿಸಿ ನೋಡೋಣ. ಕರ್ನಾಟಕ ಸುಮಾರು 1 ಲಕ್ಷ 92 ಸಾವಿರ ಚದರ ಕಿಲೋಮೀಟರ್, ಐಸ್‌ಲ್ಯಾಂಡ್ 1 ಲಕ್ಷ 3 ಸಾವಿರ. ನಾವು ಹೆಚ್ಚುಕಡಿಮೆ ಅದರ ಎರಡರಷ್ಟು. ಈಗ ಮೇಲಿನ ಸೂತ್ರ ಹಾಕಿ. ಐಸ್‌ಲ್ಯಾಂಡ್ ಇರುವುದು 65 ಡಿಗ್ರಿಯಲ್ಲಿ: 1ನ್ನು cos 65ರಿಂದ ಭಾಗಿಸಿದರೆ 2.37, ಅದರ ವರ್ಗ 5.6. ನಕ್ಷೆಯಲ್ಲಿ ಅದು 5 ಲಕ್ಷ 77 ಸಾವಿರದಷ್ಟು ಜಾಗ ಹಿಡಿಯುತ್ತದೆ. ನಮ್ಮ 15 ಡಿಗ್ರಿಗೆ 1.035, ವರ್ಗ 1.07, ನಮಗೆ ಸಿಗುವುದು 2 ಲಕ್ಷ 5 ಸಾವಿರ. ನಿಜದಲ್ಲಿ ನಮ್ಮ ಅರ್ಧದಷ್ಟಿರುವ ದ್ವೀಪ ಗೋಡೆಯ ಮೇಲೆ ನಮ್ಮ 2.8 ಪಟ್ಟು ಆಗಿ ನಿಲ್ಲುತ್ತದೆ. ಯಾವ ಎರಡು ನಾಡುಗಳನ್ನು ಬೇಕಾದರೂ ಹೀಗೆ ಹೋಲಿಸಬಹುದು. ಆದರೆ ರಷ್ಯಾ, ಕೆನಡಾಗಳಂತೆ ಉತ್ತರ-ದಕ್ಷಿಣಕ್ಕೆ ಬಹಳ ಚಾಚಿದ ದೇಶಗಳಿಗೆ ನಡುವಿನ ಒಂದು ಅಕ್ಷಾಂಶ ಸಾಲದು, ಪಟ್ಟೆ ಪಟ್ಟೆಯಾಗಿ ಲೆಕ್ಕ ಹಾಕಬೇಕು.

ಮರ್ಕೇಟರ್‌ಗಿಂತ ಹಿಂದೆ ಜಗತ್ತಿನ ನಕ್ಷೆಯನ್ನು ಹೇಗೆ ಬರೆಯುತ್ತಿದ್ದರು?

ಬಗೆಬಗೆಯಾಗಿ. ಹೆಚ್ಚಿನವುಗಳಲ್ಲಿ ಅಳತೆಯ ಗೊಡವೆಯೇ ಇರಲಿಲ್ಲ. ಬ್ಯಾಬಿಲೋನಿನ ಮಣ್ಣಿನ ಹಲಗೆಯೊಂದರಲ್ಲಿ ಜಗತ್ತು ಒಂದು ವೃತ್ತ, ಸುತ್ತ ಉಪ್ಪುನೀರು, ನಡುವೆ ಬ್ಯಾಬಿಲೋನ್. ಮಧ್ಯಯುಗದ ಯುರೋಪಿನ ಕ್ರೈಸ್ತ ನಕ್ಷೆಗಳಲ್ಲಿ ಪೂರ್ವ ಮೇಲಿರುತ್ತಿತ್ತು.

ಅಳತೆಯಿಂದ ನಕ್ಷೆ ಮಾಡಬೇಕೆಂದು ಹಟ ಹಿಡಿದವನು ಕ್ರಿಸ್ತಶಕ 150ರ ಸುಮಾರಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ. ಸುಮಾರು ಎಂಟು ಸಾವಿರ ಊರು, ನದೀಮುಖ, ಭೂಶಿರಗಳಿಗೆ ಅಕ್ಷಾಂಶ ರೇಖಾಂಶ ಕೊಟ್ಟು ಪಟ್ಟಿ ಮಾಡಿದ. ನಕ್ಷೆಯನ್ನು ಕೈಯಿಂದ ಕೈಗೆ ನಕಲು ಮಾಡಿದರೆ ಪ್ರತಿ ಸಲವೂ ಕೆಡುತ್ತದೆ, ಅಂಕಿಗಳನ್ನು ನಕಲು ಮಾಡಿದರೆ ಅಷ್ಟು ಕೆಡುವುದಿಲ್ಲ ಎಂಬುದು ಅವನ ಯೋಚನೆ. ಅವನಿಗಿಂತ ಮೊದಲಿನ ಟೈರ್ ಪಟ್ಟಣದ ಮಾರಿನಸ್ ಅಕ್ಷಾಂಶ ರೇಖಾಂಶಗಳನ್ನೆಲ್ಲ ನೇರ ಗೆರೆಗಳಾಗಿ ಎಳೆದು, ರೋಡ್ಸ್ ದ್ವೀಪದ 36 ಡಿಗ್ರಿಯಲ್ಲಿ ಮಾತ್ರ ಅಳತೆ ಸರಿಹೊಂದುವಂತೆ ಮಾಡಿದ್ದ. ಟಾಲೆಮಿ ಅದನ್ನು ಟೀಕಿಸಿ ತನ್ನದೇ ಎರಡು ಪ್ರಕ್ಷೇಪಗಳನ್ನು ಹೇಳಿಕೊಟ್ಟ. ಮೊದಲನೆಯದರಲ್ಲಿ ರೇಖಾಂಶಗಳು ಬೀಸಣಿಗೆಯ ಕಡ್ಡಿಗಳಂತೆ ಮೇಲೆ ಕೂಡುತ್ತವೆ, ಅಕ್ಷಾಂಶಗಳು ಕಮಾನುಗಳು. ಎರಡನೆಯದರಲ್ಲಿ ರೇಖಾಂಶಗಳೂ ಬಾಗುತ್ತವೆ. ಎರಡನೆಯದು ಚೆಂದ, ಮೊದಲನೆಯದು ಸುಲಭ ಎಂಬ ಅರ್ಥದ ಮಾತನ್ನು ಅವನೇ ಬರೆದಿದ್ದಾನೆ. ನಕ್ಷೆ ಎಳೆಯುವವನ ಬೇಸರವೂ ಅವನಿಗೆ ಗೊತ್ತಿತ್ತು ಎಂದಾಯಿತು.

ಅಷ್ಟು ಒಳ್ಳೆಯ ಪ್ರಕ್ಷೇಪ ಇದ್ದರೂ ಅವನ ನಕ್ಷೆಯಲ್ಲಿ ಭಾರತ ಗುರುತೇ ಸಿಗುವುದಿಲ್ಲವಲ್ಲ?

ಪ್ರಕ್ಷೇಪದ ತಪ್ಪು ಬೇರೆ, ಅಂಕಿಗಳ ತಪ್ಪು ಬೇರೆ. ಇವೆರಡನ್ನು ಬೆರೆಸಬಾರದು. ಪ್ರಕ್ಷೇಪದಿಂದ ಆದ ವಿಕಾರ ಕ್ರಮಬದ್ಧ: ಒಂದೇ ಅಕ್ಷಾಂಶದ ಎಲ್ಲ ಊರುಗಳೂ ಒಂದೇ ರೀತಿ ಕೆಡುತ್ತವೆ, ಸೂತ್ರದಿಂದ ಹಿಂದಕ್ಕೆ ತಿದ್ದಬಹುದು. ಅಂಕಿಯೇ ತಪ್ಪಿದ್ದರೆ ಒಂದೊಂದು ಊರು ಒಂದೊಂದು ರೀತಿ ತಪ್ಪುತ್ತದೆ, ಯಾವ ಸೂತ್ರಕ್ಕೂ ಬಗ್ಗುವುದಿಲ್ಲ. ಟಾಲೆಮಿಯ ಭಾರತ ಕೆಟ್ಟಿರುವುದು ಎರಡನೆಯ ರೀತಿಯಲ್ಲಿ. ಸಿಂಧೂನದಿಯ ಮುಖದಿಂದ ಕರಾವಳಿ ದಕ್ಷಿಣಕ್ಕೆ ಇಳಿಯುವ ಬದಲು ಹೆಚ್ಚುಕಡಿಮೆ ಪೂರ್ವಕ್ಕೇ ಓಡುತ್ತದೆ, ನಮ್ಮ ಪರ್ಯಾಯದ್ವೀಪ ಮಾಯ. ಕೆಳಗಿನ ಶ್ರೀಲಂಕಾ ಮಾತ್ರ ಹಲವು ಪಟ್ಟು ಊದಿದೆ. ಹಾಗಿದ್ದೂ ಅವನ ಪಟ್ಟಿಯಲ್ಲಿ ನಮ್ಮ ಬನವಾಸಿ ಇದೆ, ಗ್ರೀಕ್ ನಾಲಗೆಯಲ್ಲಿ ಬನಾವಸೈ. ಹಾವೇರಿ ಕಡೆಯವರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು. ಹಾನಗಲ್ಲಿನಿಂದ ಕೂಗಳತೆಯ ಊರು ಎಂಬಂತೆ ಮಾತಾಡುತ್ತಾರೆ.

ಅಂಕಿಗಳು ಕೆಟ್ಟದ್ದು ಹೇಗೆ ಎಂಬುದಕ್ಕೆ ಒಂದೇ ಪ್ರಸಂಗ ಸಾಕು. ಅಕ್ಷಾಂಶವನ್ನು ನೆರಳಿನಿಂದಲೋ ಧ್ರುವನಕ್ಷತ್ರದ ಎತ್ತರದಿಂದಲೋ ಅಳೆಯಬಹುದು. ರೇಖಾಂಶಕ್ಕೆ ಎರಡು ಊರುಗಳ ಗಡಿಯಾರ ಹೋಲಿಸಬೇಕು. ಗಡಿಯಾರವಿಲ್ಲದ ಕಾಲದಲ್ಲಿ ಇದ್ದ ಒಂದೇ ದಾರಿ ಚಂದ್ರಗ್ರಹಣ. ಗ್ರಹಣ ಎಲ್ಲ ಕಡೆಗೂ ಒಂದೇ ಕ್ಷಣದಲ್ಲಿ ಆಗುತ್ತದೆ, ಆದರೆ ಪೂರ್ವದ ಊರಿನಲ್ಲಿ ಆಗ ರಾತ್ರಿ ಹೆಚ್ಚು ಕಳೆದಿರುತ್ತದೆ. ಒಂದು ಗಂಟೆಯ ವ್ಯತ್ಯಾಸವೆಂದರೆ 15 ಡಿಗ್ರಿ ರೇಖಾಂಶ. ಟಾಲೆಮಿಗೆ ಸಿಕ್ಕಿದ್ದು ಕ್ರಿಸ್ತಪೂರ್ವ 331ರ ಸೆಪ್ಟೆಂಬರ್ ಗ್ರಹಣ, ಅಲೆಕ್ಸಾಂಡರ್ ಪರ್ಷಿಯದ ದಾರಿಯಸ್‌ನನ್ನು ಸೋಲಿಸುವ ಕೆಲವೇ ದಿನ ಮೊದಲಿನದು. ಇಂದಿನ ಇರಾಕಿನಲ್ಲಿರುವ ಅರ್ಬೇಲಾದಲ್ಲಿ ರಾತ್ರಿಯ ಐದನೆಯ ತಾಸು, ಇಂದಿನ ಟ್ಯುನೀಶಿಯಾದ ಕಾರ್ತೇಜಿನಲ್ಲಿ ಎರಡನೆಯ ತಾಸು ಎಂದು ಅವನು ಬರೆದಿದ್ದಾನೆ. ಮೂರು ತಾಸು, ಅಂದರೆ 45 ಡಿಗ್ರಿ. ನಿಜವಾದ ಅಂತರ ಸುಮಾರು 34. ಮುಕ್ಕಾಲು ತಾಸಿನ ತಪ್ಪಿನಿಂದ ಹನ್ನೊಂದು ಡಿಗ್ರಿ ಉಬ್ಬಿತು. ಮೆಡಿಟರೇನಿಯನ್ ಸಮುದ್ರ ಅವನ ನಕ್ಷೆಯಲ್ಲಿ 62 ಡಿಗ್ರಿ ಉದ್ದವಿದೆ, ಇರಬೇಕಾದದ್ದು ಸುಮಾರು 42. ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಸಮುದ್ರದ ಗತಿಯೇ ಇದು. ವ್ಯಾಪಾರಿಗಳು "ಇಷ್ಟು ದಿನದ ಪಯಣ" ಎಂದು ಹೇಳಿದ್ದನ್ನು ಕೇಳಿ ಬರೆದ ಭಾರತದ ಗತಿ ಏನಾಗಿರಬೇಡ? ಇದರ ಮೇಲೆ ಭೂಮಿಯ ಸುತ್ತಳತೆಯನ್ನೂ ಅವನು ಚಿಕ್ಕದಾಗಿ ಹಿಡಿದಿದ್ದ. ಸ್ಟೇಡಿಯಾ ಎಂಬ ಅಂದಿನ ದೂರದ ಅಳತೆಯಲ್ಲಿ ಗ್ರೀಕ್ ವಿದ್ವಾಂಸ ಎರಾಟೊಸ್ಥೆನಿಸ್ ಹೇಳಿದ 2,52,000 ಬಿಟ್ಟು 1,80,000 ತೆಗೆದುಕೊಂಡ. ಭೂಮಿ ಚಿಕ್ಕದಾದಷ್ಟೂ ಅದೇ ದಾರಿ ಹೆಚ್ಚು ಡಿಗ್ರಿ ಆಕ್ರಮಿಸುತ್ತದೆ.

ನಮ್ಮವರು ನಕ್ಷೆ ಬರೆಯುತ್ತಿರಲಿಲ್ಲವೇ?

ಜಂಬೂದ್ವೀಪದ ವರ್ತುಲಗಳನ್ನು ಜೈನ ಹಸ್ತಪ್ರತಿಗಳಲ್ಲಿ ನೋಡಿರುತ್ತೀರಿ. ಅವು ಲೋಕದ ರಚನೆಯನ್ನು ಹೇಳುತ್ತವೆ, ದಾರಿ ಹೇಳುವುದಿಲ್ಲ. ಅವನ್ನು ಅಳತೆಯ ನಕ್ಷೆಯೊಂದಿಗೆ ಹೋಲಿಸಿ ನಗುವುದೂ ತಪ್ಪು, ಅವುಗಳಲ್ಲಿ ಅಮೆರಿಕವನ್ನು ಹುಡುಕುವುದೂ ತಪ್ಪು. ಅಳತೆ ಇದ್ದದ್ದು ಜ್ಯೋತಿಷ ಸಿದ್ಧಾಂತಗಳಲ್ಲಿ. ಅವುಗಳ ಮಟ್ಟಿಗೆ ಭೂಮಿ ಗೋಲವೇ, ಸೊನ್ನೆಯ ರೇಖಾಂಶ ಉಜ್ಜಯಿನಿಯದು. ನಿಮ್ಮ ಊರು ಆ ರೇಖೆಯಿಂದ ಎಷ್ಟು ದೂರ ಎಂದು ತಿಳಿಯಲು ಸೂರ್ಯಸಿದ್ಧಾಂತ ಹೇಳುವ ದಾರಿ ಟಾಲೆಮಿಯದೇ: ಚಂದ್ರಗ್ರಹಣ ಲೆಕ್ಕದ ಹೊತ್ತಿಗಿಂತ ಎಷ್ಟು ಹಿಂದೆ ಮುಂದೆ ಕಂಡಿತು ನೋಡು. ಗದಗಿನವರಿಗೆ ಈ ಲೆಕ್ಕದ ಅಗತ್ಯ ಹೆಚ್ಚು ಇರಲಿಲ್ಲ. ಉಜ್ಜಯಿನಿಯ ರೇಖೆ ದಕ್ಷಿಣಕ್ಕೆ ಇಳಿದು ಗದಗಿನಿಂದ ಪೂರ್ವಕ್ಕೆ ಹದಿನೈದು ಕಿಲೋಮೀಟರ್ ಸುಮಾರಿನಲ್ಲಿ, ಲಕ್ಕುಂಡಿಯ ಆಚೆ ಹಾಯುತ್ತದೆ.

ಉತ್ತರ ಯಾವಾಗಲೂ ಮೇಲೇಕೆ?

ರೂಢಿ. ಟಾಲೆಮಿ ಹಾಗೆ ಮಾಡಿದ್ದ. 1154ರಲ್ಲಿ ಸಿಸಿಲಿಯ ರಾಜ ಎರಡನೆಯ ರೋಜರ್‌ಗಾಗಿ ಅಲ್ ಇದ್ರೀಸಿ ಮಾಡಿದ ನಕ್ಷೆಯಲ್ಲಿ ದಕ್ಷಿಣ ಮೇಲಿದೆ. ಅದರಲ್ಲಿ ಏನೂ ತಪ್ಪಿಲ್ಲ.

ಎಲ್ಲ ದೇಶಗಳನ್ನೂ ಸರಿಯಾದ ಗಾತ್ರದಲ್ಲಿ ತೋರಿಸುವ ನಕ್ಷೆ ಇಲ್ಲವೇ? ಅದನ್ನೇ ಶಾಲೆಗೆ ಹಾಕಬಹುದಲ್ಲ?

ಇದೆ, ಒಂದಲ್ಲ ಹಲವು. 1855ರಲ್ಲಿ ಜೇಮ್ಸ್ ಗಾಲ್ ಸೂಚಿಸಿದ್ದ ಒಂದನ್ನು 1973ರಲ್ಲಿ ಆರ್ನೋ ಪೀಟರ್ಸ್ ತನ್ನದೆಂದು ಸಾರಿ ಭಾರೀ ಗದ್ದಲ ಎಬ್ಬಿಸಿದ. ಅದರಲ್ಲಿ ವಿಸ್ತೀರ್ಣ ಸರಿ, ಆದರೆ ಆಫ್ರಿಕಾ ಒಗೆದು ಹಗ್ಗಕ್ಕೆ ಹಾಕಿದ ಅಂಗಿಯಂತೆ ಕೆಳಕ್ಕೆ ಜೋತುಬೀಳುತ್ತದೆ. ಸುಮಾರು 45 ಡಿಗ್ರಿಯಲ್ಲಿ ಮಾತ್ರ ಆಕಾರ ಸರಿ, ಅಂದರೆ ಮತ್ತೆ ಯುರೋಪಿಗೇ ಲಾಭ. ಬಡ ದೇಶಗಳಿಗೆ ನ್ಯಾಯ ಕೊಡುತ್ತೇನೆ ಎಂದು ಹೊರಟ ನಕ್ಷೆಗೆ ಇದು ಒಪ್ಪುವ ಮಾತಲ್ಲ. ನನ್ನ ಪಡಸಾಲೆಯಲ್ಲಿ 2018ರಲ್ಲಿ ಬಂದ ಈಕ್ವಲ್ ಅರ್ಥ್ ಎಂಬ ಪ್ರಕ್ಷೇಪದ ನಕ್ಷೆ ಇದೆ. ಅದರಲ್ಲೂ ವಿಸ್ತೀರ್ಣ ಸರಿ, ಅಂಚುಗಳು ಬಾಗಿರುವುದರಿಂದ ಆಕಾರವೂ ಅಷ್ಟು ವಿಕಾರವಾಗುವುದಿಲ್ಲ.

ಮೊಬೈಲ್ ನಕ್ಷೆ ಯಾವ ಬಗೆಯದು?

ಹೆಚ್ಚಿನವು ಇಂದಿಗೂ ಮರ್ಕೇಟರ್, 85 ಡಿಗ್ರಿಗೆ ಕತ್ತರಿಸಿದ್ದು. ಕಾರಣ ಹಡಗಲ್ಲ, ಓಣಿ. ಕೋನ ಕೆಡದ ಕಾರಣ ಎಷ್ಟು ಹತ್ತಿರಕ್ಕೆ ಹಿಗ್ಗಿಸಿದರೂ ನಾಲ್ಕು ದಾರಿ ಕೂಡುವ ಚೌಕ ಹುಬ್ಬಳ್ಳಿಯಲ್ಲೂ ನಾರ್ವೆಯಲ್ಲೂ ಚೌಕವಾಗಿಯೇ ಕಾಣುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು, ಧಾರವಾಡವನ್ನು ನಡುವೆ ಇಟ್ಟು, ಹಿಗ್ಗಿಸದೆ ಕುಗ್ಗಿಸದೆ ಹಾಗೆಯೇ ಉತ್ತರಕ್ಕೆ ಎಳೆಯುತ್ತ ಹೋಗಿ. ಮೂಲೆಯ ಅಳತೆಪಟ್ಟಿ ಬದಲಾಗುತ್ತ ಹೋಗುತ್ತದೆ. ನನ್ನ ಶಾಲೆಯ ನಕ್ಷೆಗೆ ಇರದಿದ್ದ ಪ್ರಾಮಾಣಿಕತೆ ಇದಕ್ಕಿದೆ.

ಹಾವೇರಿ ಕಡೆಯಿಂದ ಒಂದು ಪ್ರಶ್ನೆ: ನಮ್ಮ ಐದು ಎಕರೆ ಮೆಣಸಿನಕಾಯಿ ಹೊಲವನ್ನು ಮಗ ಕಂಪ್ಯೂಟರಿನಲ್ಲಿ ಅಳೆದರೆ 5 ಎಕರೆ 15 ಗುಂಟೆ ಬರುತ್ತದೆ. ಪಹಣಿ ತಪ್ಪೋ, ಕಂಪ್ಯೂಟರ್ ತಪ್ಪೋ?

ಎರಡೂ ಅಲ್ಲ, ಪ್ರಕ್ಷೇಪ ತಪ್ಪು. ಈ ಪ್ರಶ್ನೆ ನನಗೆ ಎರಡು ಸಲ ಬಂದಿದೆ. ಹೊಲದ ಅಂಚನ್ನು ಮೊಬೈಲ್ ನಕ್ಷೆಯ ಪ್ರಕ್ಷೇಪದಲ್ಲೇ ಬರೆದು, ಅದೇ ಕಾಗದದ ಮೇಲೆ ವಿಸ್ತೀರ್ಣ ಲೆಕ್ಕ ಹಾಕಿದರೆ ಹಾವೇರಿಯ ಅಕ್ಷಾಂಶದಲ್ಲಿ ಎಕರೆಗೆ ಮೂರು ಗುಂಟೆಯಷ್ಟು ಹೆಚ್ಚು ಬರುತ್ತದೆ. ಐದು ಎಕರೆಗೆ ಹದಿನೈದು. ಅಣ್ಣತಮ್ಮಂದಿರ ನಡುವೆ ಪಾಲು ಮಾಡುವಾಗ ಇಷ್ಟು ಸಾಕು ಮಾತು ಬೆಳೆಯಲು.

ಗುರುತಿಸುವುದು ಸುಲಭ. ತಪ್ಪು ಹೊಲದಿಂದ ಹೊಲಕ್ಕೆ ಬದಲಾಗದೆ ಎಲ್ಲ ಕಡೆಗೂ ಶೇಕಡ ಏಳೂವರೆಯಷ್ಟೇ ಹೆಚ್ಚು ಬರುತ್ತಿದ್ದರೆ ಪ್ರಕ್ಷೇಪದ್ದೇ ಕೆಲಸ. ಒಂದೊಂದು ಹೊಲಕ್ಕೆ ಒಂದೊಂದು ತಪ್ಪು ಬಂದರೆ ಬದು ಗುರುತಿಸಿದವರ ಕೈ ತಪ್ಪಿದೆ. ಟಾಲೆಮಿಯ ವಿಷಯದಲ್ಲಿ ಹೇಳಿದ ಭೇದವೇ ಇದು. ಕಂಪ್ಯೂಟರಿನ ನಕ್ಷೆ ತಂತ್ರಾಂಶ QGISನಲ್ಲಿ ಪದರದ ಪ್ರಕ್ಷೇಪ EPSG:3857, ಅಂದರೆ ಮೊಬೈಲ್ ನಕ್ಷೆಯ ಮರ್ಕೇಟರ್, ಎಂದಿದ್ದರೆ ಅದನ್ನು EPSG:32643ಕ್ಕೆ ಬದಲಿಸಿ ಉಳಿಸಿಕೊಂಡು ಮತ್ತೆ ಅಳೆಯಿರಿ.

```
area(@geometry) / 4046.86
```

ಚದರ ಮೀಟರ್ ಎಕರೆಯಾಗಿ ಬರುತ್ತದೆ. ಹೀಗೆ ಬಂದ ಅಂಕಿಯೂ ಕಾನೂನಿನ ಅಳತೆಯಲ್ಲ, ಪಾಲಿಗೆ ಭೂಮಾಪಕರೇ ಬರಬೇಕು.

EPSG:32643 ಎಂದರೇನು? ಅದರಲ್ಲಿ ಏಕೆ ಸರಿ ಬರುತ್ತದೆ?

ಇಲ್ಲಿ ಗೌಸ್ ಮತ್ತೆ ಬರುತ್ತಾನೆ. ಮರ್ಕೇಟರ್ ನಕ್ಷೆ ಭೂಮಿಯನ್ನು ಸಮಭಾಜಕದ ಉದ್ದಕ್ಕೂ ಮುಟ್ಟಿಕೊಂಡಿರುತ್ತದೆ. ಮುಟ್ಟಿದ ಕಡೆ ತಪ್ಪಿಲ್ಲ, ದೂರ ಹೋದಷ್ಟೂ ಹಿಗ್ಗು. ಹಾಗಾದರೆ ಸುತ್ತಿದ ಕಾಗದವನ್ನು ಮಲಗಿಸಿ, ಸಮಭಾಜಕದ ಬದಲು ನಮಗೆ ಬೇಕಾದ ಒಂದು ರೇಖಾಂಶವನ್ನು ಮುಟ್ಟಿಸಿದರೆ? 1772ರಲ್ಲಿ ಗಣಿತಜ್ಞ ಲ್ಯಾಂಬರ್ಟ್ ಇದನ್ನು ಸೂಚಿಸಿದ, ಗೌಸ್ ಹ್ಯಾನೋವರ್ ಭೂಮಾಪನಕ್ಕೆ ಬಳಸಿದ. ಇಂದು ಜಗತ್ತನ್ನು ಆರು ಆರು ಡಿಗ್ರಿಯ ಅರವತ್ತು ಪಟ್ಟೆಗಳಾಗಿ ಸೀಳಿ ಪ್ರತಿಯೊಂದಕ್ಕೂ ಇದೇ ಉಪಾಯ ಮಾಡುತ್ತಾರೆ, ಈ ಕ್ರಮಕ್ಕೆ UTM ಎಂದು ಹೆಸರು. ನಮ್ಮದು 43ನೆಯ ಪಟ್ಟೆ, 72ರಿಂದ 78 ಡಿಗ್ರಿ ಪೂರ್ವದವರೆಗೆ. EPSG:32643 ಎಂಬುದು ಈ ಪಟ್ಟೆಯ ಪ್ರಕ್ಷೇಪಕ್ಕೆ ಕೊಟ್ಟ ಸಂಖ್ಯೆ. ಅದರ ನಟ್ಟನಡುವಿನ ರೇಖೆ 75 ಡಿಗ್ರಿ, ಅದು ಹಾಯುವುದು ಧಾರವಾಡ ಊರಿನೊಳಗೇ.

ಹಾಗಾಗಿ ಗ್ರೀನ್‌ಲ್ಯಾಂಡನ್ನು ಊದಿಸಿದ ಆ ಪ್ರಕ್ಷೇಪವೇ ಮಗ್ಗುಲು ಬದಲಿಸಿದರೆ ನಮ್ಮ ಊರಿಗೆ ಹೆಚ್ಚುಕಡಿಮೆ ತಪ್ಪೇ ಇರುವುದಿಲ್ಲ. ಪೂರ್ತಿ ಸೊನ್ನೆಯಲ್ಲ: ಪಟ್ಟೆಯ ಅಂಚಿನಲ್ಲಿ ಹಿಗ್ಗು ಹೆಚ್ಚಾಗಬಾರದೆಂದು ನಡುವಿನ ರೇಖೆಯಲ್ಲಿ ಬೇಕೆಂದೇ 0.9996ರಷ್ಟು ಕುಗ್ಗಿಸಿದ್ದಾರೆ. ಧಾರವಾಡದಲ್ಲಿ ಒಂದು ಕಿಲೋಮೀಟರಿಗೆ 40 ಸೆಂಟಿಮೀಟರ್ ಕಡಿಮೆ, ಗದಗಿನಲ್ಲಿ 34. ವಿಸ್ತೀರ್ಣದಲ್ಲಿ ಎಕರೆಗೆ 35 ಚದರ ಅಡಿ, ಎರಡು ಹೊರಸು ಹಾಕುವಷ್ಟು ಜಾಗ.

ಮೊಬೈಲಿನ ಜಿಪಿಎಸ್ ಆ್ಯಪ್‌ನಲ್ಲಿ UTM ಎಂಬ ಆಯ್ಕೆ ಇದ್ದರೆ ಹಾಕಿಕೊಂಡು ಧಾರವಾಡದಲ್ಲಿ ಸ್ವಲ್ಪ ಅಡ್ಡಾಡಿ. 43P ಎಂದು ಬರುತ್ತದೆ, ಮುಂದಿನ ಮೊದಲ ಅಂಕಿ 500000ದ ಆಸುಪಾಸು ಇರುತ್ತದೆ. ಪಶ್ಚಿಮಕ್ಕೆ ನಡೆದಂತೆ ಇಳಿಯುತ್ತದೆ, ಪೂರ್ವಕ್ಕೆ ನಡೆದಂತೆ ಏರುತ್ತದೆ. ಸರಿಯಾಗಿ 500000 ಬಂದ ಕಡೆ ನಿಂತರೆ ನೀವು ಆ ರೇಖೆಯ ಮೇಲಿದ್ದೀರಿ. ನಮ್ಮ ಮಕ್ಕಳು ಒಂದು ರವಿವಾರ ಇಡೀ ಬೆಳಗ್ಗೆ ಇದನ್ನೇ ಹುಡುಕುತ್ತ ಅಲೆದರು.

ಇದೇ ಸಂಖ್ಯೆ ಇಡೀ ಕರ್ನಾಟಕಕ್ಕೆ ನಡೆಯುತ್ತದೆಯೇ?

ಬಹುಪಾಲಿಗೆ. ಕೋಲಾರ ಊರು 78 ಡಿಗ್ರಿಯ ಆಚೆ ಇದೆ, ಅದು 44ನೆಯ ಪಟ್ಟೆಗೆ ಸೇರಿದ್ದು. ಅಲ್ಲಿಯ ಹೊಲಕ್ಕೆ EPSG:32644 ಹಾಕಬೇಕು.